ಇಪ್ಪತ್ತೆರಡು ವರ್ಷ ಕಸ ಹೊಡೆದದ್ದು ಯಾರ ಖಾತೆಗೆ ಜಮಾ ಆಯ್ತು?

ಪೋಸ್ಟ್ ಉದ್ದ ಆಗ್ಯದ, ಪುರುಸೊತ್ತು ಮಾಡಿಕೊಂಡು ಓದ್ರಿ. ಇದರಾಗ ಘೋಷಣೆ ಕಡಿಮೆ, ಲೆಕ್ಕ ಜಾಸ್ತಿ. ಕ್ಲರ್ಕ್ ಕೆಲಸ ಮಾಡೋನ ಪೋಸ್ಟ್ ಇನ್ನೆಂಗ ಇರ್ತದ?

ಕಳೆದ ಕೆಲವು ತಿಂಗಳಿಂದ ರಜೆ ಸಿಕ್ಕ ಭಾನುವಾರಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ಸುತ್ತುತ್ತಿದ್ದೇನೆ. ಪೌರಕಾರ್ಮಿಕರ ಓಣಿಗಳಲ್ಲಿ ಕೂತು ಅವರ ಪಗಾರ ಚೀಟಿ ಓದಿ ಹೇಳೋದು ನನ್ನ ಕೆಲಸ. ಮೊದಲು ಯಾರೂ ಪಿಂಚಣಿ ಬಗ್ಗೆ ಕೇಳ್ತಿರಲಿಲ್ಲ. ಪಗಾರ ತಡ ಆಯ್ತು, ಗ್ಲೌಸ್ ಕೊಟ್ಟಿಲ್ಲ, ದಫೇದಾರ ಬೈತಾನ, ಇವೇ ಮಾತು. ಒಂದು ಸಂಜೆ ಒಬ್ಬ ಅಕ್ಕ ಚೀಟಿ ಮುಂದೆ ಹಿಡಿದು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ತಮ್ಮಾ, ಇದೊಂದು ತಿಂಗಳಾ ಮುರ್ಕೊಳ್ತಾರಲ್ಲ, ಇದು ಯಾವ ಸಾಲದ್ದು? ನಾ ಯಾವ ಸಾಲಾನೂ ತಗೊಂಡಿಲ್ಲ."

ಆ ಸಾಲಿನಲ್ಲಿ ಇದ್ದದ್ದು ಎನ್‌ಪಿಎಸ್. ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ವಂತಿಗೆ. ಆ ಅಕ್ಕ ಅದನ್ನು ಸಾಲದ ಕಂತು ಅಂತ ವರ್ಷಾನುಗಟ್ಟಲೆ ತಿಳ್ಕೊಂಡಿದ್ದಳು. ಯಾರೂ ಹೇಳಿರಲಿಲ್ಲ. ಕಾಯಂ ಆದೇಶ ಕೊಟ್ಟು ಹಾರ ಹಾಕಿ ಫೋಟೋ ತೆಗೆಸಿಕೊಂಡವರೂ ಹೇಳಲಿಲ್ಲ, ಆ ಫೋಟೋಕ್ಕೆ ಲೈಕ್ ಒತ್ತಿದ ನಾವೂ ಹೇಳಲಿಲ್ಲ. ನಮ್ಮ ಚಳವಳಿಯವರಿಗೂ ಈ ಬೈಗುಳದಲ್ಲಿ ಪಾಲು ಇದೆ, ನನ್ನನ್ನೂ ಸೇರಿಸಿಯೇ ಹೇಳ್ತಿದ್ದೇನೆ.

ಅಕ್ಕನ ಹೆಸರು ಬೇಡ, ಊರೂ ಬೇಡ. ಅವಳಂಥವರು ನಾಲ್ಕೂ ತಾಲೂಕಿನಲ್ಲಿ ಇದ್ದಾರೆ. 1996ರಲ್ಲಿ ಕಸಬರಿಗೆ ಹಿಡಿದಾಗ ಅವಳಿಗೆ 27 ವರ್ಷ. ಗುತ್ತಿಗೆದಾರರು ಬದಲಾದರು, ಅವಳು ಮಾತ್ರ ಅದೇ ಬೀದಿ, ಅದೇ ಗಟಾರ. 2018ರಲ್ಲಿ ವಿಶೇಷ ನೇಮಕಾತಿಯಲ್ಲಿ ಕಾಯಂ ಆದಳು. ಆಗ ವಯಸ್ಸು 49. ನಿವೃತ್ತಿ 60ಕ್ಕೆ, ಅಂದರೆ 2029ರಲ್ಲಿ. ಸರ್ಕಾರದ ಕಾಗದದ ಪ್ರಕಾರ ಅವಳ ಸೇವೆ 11 ವರ್ಷ. ಬೀದಿಯ ಪ್ರಕಾರ 33.

ಈಗ ಎನ್‌ಪಿಎಸ್ ಹೇಗೆ ನಡೆಯುತ್ತದೆ ಅಂತ ನೋಡೋಣ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ ಅದರ ಶೇ. 10 ನೌಕರರ ಪಗಾರದಿಂದ ಪ್ರತಿ ತಿಂಗಳು ಕಡಿತ ಆಗುತ್ತದೆ. ಸರ್ಕಾರ ತನ್ನ ಪಾಲು ಹಾಕುತ್ತದೆ, ಅದು ಮೊದಲು ಶೇ. 10 ಇತ್ತು, ಈಗ ಶೇ. 14. ಎರಡೂ ಸೇರಿ ನಿಮ್ಮ ಹೆಸರಿನ 12 ಅಂಕಿಯ ಪ್ರಾನ್ ಖಾತೆಗೆ ಹೋಗುತ್ತವೆ. ಅಲ್ಲಿ ರೊಕ್ಕ ರೊಕ್ಕವಾಗಿ ಕೂರೋದಿಲ್ಲ. ಅದರಿಂದ ನಿಧಿಯ ಯೂನಿಟ್ ಖರೀದಿ ಆಗುತ್ತದೆ. ಆ ನಿಧಿ ಬಹುಪಾಲು ಸರ್ಕಾರಿ ಸಾಲಪತ್ರ, ಕಂಪನಿ ಸಾಲಪತ್ರಗಳಲ್ಲಿ ಇರುತ್ತದೆ, ಸ್ವಲ್ಪ ಭಾಗ ಷೇರಿನಲ್ಲಿ. ಯೂನಿಟ್ ಬೆಲೆ ಏರಿದರೆ ನಿಮ್ಮ ಗಂಟು ಬೆಳೆಯುತ್ತದೆ, ಇಳಿದರೆ ಇಳಿಯುತ್ತದೆ. ಇಷ್ಟೇ ಕೊಡ್ತೀವಿ ಅಂತ ಯಾರ ಖಾತ್ರಿಯೂ ಇಲ್ಲ.

ಅರವತ್ತು ತುಂಬಿದ ದಿನ ಆ ಗಂಟು ಎರಡು ಪಾಲಾಗುತ್ತದೆ. ಸರ್ಕಾರಿ ವಲಯದವರಿಗೆ ಶೇ. 60ರವರೆಗೆ ಇಡಿಗಂಟಾಗಿ ಕೈಗೆ. ಉಳಿದ ಕನಿಷ್ಠ ಶೇ. 40 ನಿಮ್ಮ ಕೈಗೆ ಬರೋದಿಲ್ಲ. ಅದನ್ನು ವಿಮಾ ಕಂಪನಿಗೆ ಕೊಟ್ಟು ಆನ್ಯುಯಿಟಿ ಕೊಳ್ಳಬೇಕು, ಅಂದರೆ ಜೀವಮಾನದ ತಿಂಗಳ ಕಂತು. ಜನ "ಪಿಂಚಣಿ" ಅಂತ ಕರೆಯೋದು ಈ ಎರಡನೇ ಪಾಲಿನಿಂದ ಹುಟ್ಟುವ ಕಂತಿಗೆ. ಸರ್ಕಾರ ಪಿಂಚಣಿ ಕೊಡ್ತದ ಅನ್ನೋದು ಇಲ್ಲಿ ಸುಳ್ಳು ನೋಡ್ರಿ. ನಿಮ್ಮದೇ ಗಂಟಿನ ಒಂದು ತುಂಡನ್ನು ಕಂಪನಿಗೆ ಕೊಟ್ಟು ನೀವೇ ಕೊಂಡುಕೊಳ್ಳುವ ಪಿಂಚಣಿ ಇದು.

ಅಕ್ಕನ ಲೆಕ್ಕಕ್ಕೆ ಬರ್ತೀನಿ. ನೆಲದ ಮೇಲೆ ನೋಟ್‌ಬುಕ್ ಇಟ್ಟು ಅವಳ ಮುಂದೆಯೇ ಮಾಡಿದ ಲೆಕ್ಕ ಇದು. 2018ರಲ್ಲಿ ಪಗಾರ ಕಡಿಮೆ, ಆಮೇಲೆ ಏರಿತು. ಹನ್ನೊಂದು ವರ್ಷದ ಸರಾಸರಿಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿ 27,500 ಅಂತ ಇಟ್ಟುಕೊಂಡೆ. ಅವಳ ಪಾಲು 2,750, ಸರ್ಕಾರದ್ದು 3,850, ತಿಂಗಳಿಗೆ ಒಟ್ಟು 6,600. ಹನ್ನೊಂದು ವರ್ಷಕ್ಕೆ 132 ತಿಂಗಳು, ಅಲ್ಲಿಗೆ 8,71,200 ರೂಪಾಯಿ. ವರ್ಷಕ್ಕೆ ಶೇ. 8ರ ಆಸುಪಾಸು ಬೆಳೆದರೆ, ಮೊದಲ ವರ್ಷಗಳಲ್ಲಿ ಸಣ್ಣ ಕಂತು, ಕೊನೆಗೆ ದೊಡ್ಡ ಕಂತು ಅನ್ನೋದನ್ನೂ ಹಿಡಿದರೆ, 2029ರಲ್ಲಿ ಗಂಟು ಸುಮಾರು ಹನ್ನೆರಡೂವರೆ ಲಕ್ಷ. ಒಂದಿಷ್ಟು ಹೆಚ್ಚು ಕಡಿಮೆ ಆಗಬಹುದು, ಆದರೆ ಈ ಅಳತೆಯೇ.

ಹನ್ನೆರಡೂವರೆ ಲಕ್ಷ ಅಂದಾಗ ಅಕ್ಕನ ಕಣ್ಣು ಅರಳಿತು. ಅಷ್ಟು ರೊಕ್ಕದ ಹೆಸರನ್ನೇ ಅವಳು ತನ್ನ ಹೆಸರಿನ ಪಕ್ಕ ಕೇಳಿರಲಿಲ್ಲ. ಶೇ. 60 ಅಂದರೆ ಏಳೂವರೆ ಲಕ್ಷ ಕೈಗೆ. ಉಳಿದ ಐದು ಲಕ್ಷ ಆನ್ಯುಯಿಟಿಗೆ. ಅರವತ್ತನೇ ವಯಸ್ಸಿನಲ್ಲಿ, ತಾನು ಸತ್ತರೆ ಗಂಡನಿಗೆ ಕಂತು ಮುಂದುವರಿಯಬೇಕು, ಇಬ್ಬರೂ ಹೋದ ಮೇಲೆ ಅಸಲು ಮಕ್ಕಳಿಗೆ ವಾಪಸ್ ಬರಬೇಕು ಅನ್ನುವ ಬಗೆ ಆರಿಸಿದರೆ ಶೇ. 6.5ರ ಆಸುಪಾಸು ಅಂತ ಹಿಡಿಯಬಹುದು. ಐದು ಲಕ್ಷಕ್ಕೆ ವರ್ಷಕ್ಕೆ 32,500. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,708.

"ಎಷ್ಟಂದಿ?" ಅಂದಳು.

"ಎರಡ ಸಾವಿರದ ಏಳನೂರು, ಅಕ್ಕ."

"ಒಂದ ವಾರಕ್ಕೇನು?"

ನಾನು ತಿಂಗಳಿಗೆ ಅಂದೆ. ಅವಳು ನಕ್ಕಳು. ಆ ನಗುವಿಗೆ ಉತ್ತರ ಕೊಡೋಕೆ ಈ ಪೋಸ್ಟ್ ಬರೀತಿದ್ದೇನೆ.

ಈ 2,708ಕ್ಕೆ ತುಟ್ಟಿಭತ್ಯೆ ಸೇರೋದಿಲ್ಲ. 2029ರಲ್ಲಿ ಎಷ್ಟೋ, ಅವಳು ಎಂಬತ್ತು ಮುಟ್ಟುವ 2049ರಲ್ಲೂ ಅಷ್ಟೇ. ಅಷ್ಟರಲ್ಲಿ ಜೋಳದ ಸೇರು ಎಲ್ಲಿಗೆ ಹೋಗಿರ್ತದೋ ಯಾರಿಗೆ ಗೊತ್ತು. ಹಳೇ ಪಿಂಚಣಿಯವರಿಗೆ ತುಟ್ಟಿಭತ್ಯೆ ಏರಿದಾಗೆಲ್ಲ ಪಿಂಚಣಿ ಏರುತ್ತದೆ, ವೇತನ ಆಯೋಗ ಬಂದಾಗ ಪರಿಷ್ಕರಣೆ ಆಗುತ್ತದೆ. ರಾಜ್ಯದ 7ನೇ ವೇತನ ಆಯೋಗದ ನಂತರ ಹಳೇ ವ್ಯವಸ್ಥೆಯಲ್ಲಿ ಕನಿಷ್ಠ ಪಿಂಚಣಿಯೇ 13,500. ಕೇಂದ್ರ ಸರ್ಕಾರ ತನ್ನ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ತಂದಿತಲ್ಲ, ಅದರಲ್ಲೂ ಹತ್ತು ವರ್ಷ ಸೇವೆ ಆದವರಿಗೆ ಕನಿಷ್ಠ 10,000 ಅಂತ ಬರೆದಿದ್ದಾರೆ, ಅದರ ಮೇಲೆ ತುಟ್ಟಿ ಪರಿಹಾರ. ಆ ಯೋಜನೆಯಲ್ಲಿ ನೂರು ಹುಳುಕು ಇರಬಹುದು. ಆದರೆ ಹತ್ತು ವರ್ಷದವರಿಗೂ ಒಂದು ತಳ ಬೇಕು ಅನ್ನೋದನ್ನು ಅದು ಒಪ್ಪಿದೆ. ನಮ್ಮ ಅಕ್ಕನ ಹನ್ನೊಂದು ವರ್ಷಕ್ಕೆ ತಳವೇ ಇಲ್ಲ.

ಹಾಗಾದರೆ ಎನ್‌ಪಿಎಸ್‌ನಲ್ಲಿ ಎಲ್ಲರಿಗೂ ಹೀಗೇ ಆಗುತ್ತದೆಯೇ? ಇಲ್ಲ. ಹುಳ ಇರೋದು ಇಲ್ಲೇ. ಶೇ. 8ರ ಬೆಳವಣಿಗೆಯಲ್ಲಿ 25ನೇ ವಯಸ್ಸಿನಲ್ಲಿ ಕಟ್ಟಿದ 100 ರೂಪಾಯಿ 60ಕ್ಕೆ ಸುಮಾರು 1,480 ಆಗುತ್ತದೆ. 49ನೇ ವಯಸ್ಸಿನಲ್ಲಿ ಕಟ್ಟಿದ ಅದೇ 100 ರೂಪಾಯಿ 60ಕ್ಕೆ 233. ನಿಯಮ ಒಂದೇ, ಶೇಕಡಾ ಒಂದೇ, ನೋಟಿನ ಮೇಲಿನ ಗಾಂಧಿಯೂ ಅದೇ. ಬೇರೆ ಇರೋದು ಬಾಗಿಲು ತೆಗೆದ ವರ್ಷ ಮಾತ್ರ. ಈ ಯೋಜನೆ 25ಕ್ಕೆ ಕಚೇರಿ ಮೆಟ್ಟಿಲು ಹತ್ತಿದವನಿಗೆ ಅಂತ ಕಟ್ಟಿದ್ದು. ಆ ಲೆಕ್ಕದಲ್ಲಿ ಮೊದಲ ಹತ್ತು ವರ್ಷದ ಕಂತೇ ದೊಡ್ಡ ದುಡಿಮೆಗಾರ. ಆ ಮೊದಲ ವರ್ಷಗಳನ್ನೇ ನಮ್ಮ ಜನರಿಂದ ಕಿತ್ತುಕೊಂಡು, ಆಮೇಲೆ "ಎಲ್ಲರಿಗೂ ಒಂದೇ ನಿಯಮ" ಅಂತಾರೆ.

ಕಿತ್ತುಕೊಂಡವರು ಯಾರು? 1996ರಲ್ಲಿ ಆ ಬೀದಿಗೆ ಕೆಲಸಗಾರರು ಬೇಕಿದ್ದರು, ಕೆಲಸ ಇತ್ತು, ಮಾಡುವವಳೂ ಇದ್ದಳು. ಇರದೇ ಇದ್ದದ್ದು ನೇಮಕಾತಿ ಆದೇಶ. ನಡುವೆ ಒಬ್ಬ ಗುತ್ತಿಗೆದಾರನನ್ನು ನಿಲ್ಲಿಸಿ, ಊರಿನ ಹೊಲಸು ಎತ್ತುವವರು ನಮ್ಮ ನೌಕರರಲ್ಲ ಅಂತ ದಶಕಗಟ್ಟಲೆ ಕೈತೊಳೆದುಕೊಂಡರು. ಆ ಕೆಲಸಕ್ಕೆ ನಮ್ಮ ಓಣಿಯವರನ್ನು ಬಿಟ್ಟು ಬೇರೆ ಓಣಿಯವರು ಯಾಕೆ ಬರಲಿಲ್ಲ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಕಾಯಕದ ಬಗ್ಗೆ ದೊಡ್ಡ ದೊಡ್ಡ ಭಾಷಣ ಆಗುವ ನೆಲ ನಮ್ಮದು, ಬಸವಣ್ಣ ಹುಟ್ಟಿದ ಊರು ಬಾಗೇವಾಡಿ. ಜಯಂತಿ ಮೆರವಣಿಗೆ ಮುಗಿದ ಮೇಲೆ ಆ ಬೀದಿ ಗುಡಿಸೋರ ಕಾಯಕಕ್ಕೆ ಸೇವಾ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಕೆಲವರು ಕೇಳ್ತಾರೆ, ಗುತ್ತಿಗೆ ಕಾಲದ ಪಿಎಫ್ ಇತ್ತಲ್ಲ ಅಂತ. ಕಾನೂನಿನ ಪ್ರಕಾರ ಇರಬೇಕಿತ್ತು. ಅಕ್ಕನಿಗೆ ಒಬ್ಬ ಗುತ್ತಿಗೆದಾರನ ಕಾಲದಲ್ಲಿ ಒಂದು ನಂಬರ್ ಬರೆದ ಚೀಟಿ ಸಿಕ್ಕಿತ್ತಂತೆ, ಮಳೆಗಾಲದಲ್ಲಿ ಮನೆ ಸೋರಿ ಅದೂ ಹೋಯಿತು. ಉಳಿದವರು ಚೀಟಿಯನ್ನೂ ಕೊಡಲಿಲ್ಲ.

ಈಗ ನನ್ನ ಮುಖ್ಯ ತಕರಾರು ಕೇಳ್ರಿ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. 2006ರ ಏಪ್ರಿಲ್ 1ಕ್ಕಿಂತ ಮೊದಲೇ ನೇಮಕಾತಿ ಅಧಿಸೂಚನೆ ಆಗಿ, ಆ ದಿನದ ನಂತರ ಕೆಲಸಕ್ಕೆ ಸೇರಿದವರು ಹಳೇ ಪಿಂಚಣಿಗೆ ಬರಬಹುದು ಅಂತ. ಸುಮಾರು 13 ಸಾವಿರ ಕುಟುಂಬಗಳಿಗೆ ಅನುಕೂಲ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಿದರು. ಒಳ್ಳೆಯದಾಯಿತು. ಅವರ ಅನ್ನಕ್ಕೆ ನಾನು ಕಲ್ಲು ಹಾಕೋದಿಲ್ಲ. ಆದರೆ ಆ ಆದೇಶದ ಹೊಟ್ಟೆಯೊಳಗೆ ಇರುವ ನ್ಯಾಯ ಯಾವುದು? ತಡ ಆದದ್ದು ನೌಕರನಿಂದಲ್ಲ, ಸರ್ಕಾರದ ಪ್ರಕ್ರಿಯೆಯಿಂದ, ಆದ್ದರಿಂದ ತಡದ ಶಿಕ್ಷೆ ನೌಕರನಿಗೆ ಆಗಬಾರದು. ಇದೇ ಅಲ್ಲವೇ?

ಹಾಗಾದರೆ ಅದೇ ನ್ಯಾಯವನ್ನು ಕಸಬರಿಗೆ ಹಿಡಿದ ಕೈಗೂ ಕೊಡಿ. ಅಧಿಸೂಚನೆ ಹೊರಟು ಒಂದೆರಡು ವರ್ಷ ತಡ ಆದವರಿಗೆ ನ್ಯಾಯ ಇದೆ. ಅಧಿಸೂಚನೆಯನ್ನೇ ಹೊರಡಿಸದೆ ಇಪ್ಪತ್ತೆರಡು ವರ್ಷ ದುಡಿಸಿಕೊಂಡವರಿಗೆ ಇಲ್ಲ. ತಪ್ಪು ದೊಡ್ಡದಾದಷ್ಟೂ ಪರಿಹಾರ ಸಣ್ಣದಾಗುವ ಈ ಗಣಿತ ಯಾವ ಶಾಲೆಯಲ್ಲಿ ಕಲಿಸ್ತಾರೆ?

ನನ್ನದೂ ಒಂದು ಸಣ್ಣ ಕಥೆ ಇದರಲ್ಲಿ ಇದೆ, ಎರಡೇ ಮಾತಲ್ಲಿ ಮುಗಿಸ್ತೀನಿ. ಪರಿಶಿಷ್ಟರಿಗೆ ಮೀಸಲಾಗಿ ಖಾಲಿ ಬಿಟ್ಟ ಹುದ್ದೆಗಳನ್ನು ತುಂಬಲು ಕರ್ನಾಟಕ 2001ರಲ್ಲಿ ವಿಶೇಷ ನೇಮಕಾತಿ ನಿಯಮ ಮಾಡಿತು, ಅದೇ ಬ್ಯಾಕ್‌ಲಾಗ್. ನಿಯಮ 2001ರದ್ದು, ನನ್ನ ಕೈಗೆ ಆದೇಶ ಬಂದದ್ದು 2009ರಲ್ಲಿ. ನಾನು ಕೂತ ಕುರ್ಚಿ 2006ಕ್ಕಿಂತ ಎಷ್ಟೋ ಮೊದಲೇ ನಮ್ಮವರಿಗೆ ಸೇರಿದ್ದು, ಖಾಲಿ ಇಟ್ಟವರು ನಾವಲ್ಲ. ಪಕ್ಕದ ಟೇಬಲ್ಲಿನ ಹಿರಿಯರು ಹಳೇ ಪಿಂಚಣಿಯಲ್ಲಿ ಇದ್ದಾರೆ, ನಾನು ಹೊಸದರಲ್ಲಿ. ಆದರೂ ನನಗೆ ಮೂವತ್ತು ವರ್ಷದ ಹತ್ತಿರ ಕಂತು ಬೀಳುತ್ತದೆ. ಅಕ್ಕನ ಮುಂದೆ ನನ್ನ ಗೋಳು ಗೋಳೇ ಅಲ್ಲ.

ಅವಳಿಗಿಂತ ತಡವಾಗಿ ಬಂದವರ ಲೆಕ್ಕ ಇನ್ನೂ ವಿಚಿತ್ರ. 54ಕ್ಕೆ ಕಾಯಂ ಆದವಳು ಆರು ವರ್ಷ ಕಂತು ಕಟ್ಟಿದರೆ ಗಂಟು ಐದಾರು ಲಕ್ಷ ಆದೀತು. 2025ರ ಡಿಸೆಂಬರ್‌ನಲ್ಲಿ ಪಿಂಚಣಿ ನಿಯಂತ್ರಣ ಪ್ರಾಧಿಕಾರ ನಿಯಮ ಬದಲಿಸಿತು, ಗಂಟು 8 ಲಕ್ಷದ ಒಳಗಿದ್ದರೆ ಪೂರ್ತಿ ಕೈಗೆ ತಗೊಳ್ಳಬಹುದು. ಮೊದಲು ಆ ಮಿತಿ 5 ಲಕ್ಷ ಇತ್ತು, ಅದಕ್ಕೂ ಮೊದಲು 2 ಲಕ್ಷ. (8ರಿಂದ 12 ಲಕ್ಷದ ನಡುವಿನವರಿಗೆ ಬೇರೆ ಲೆಕ್ಕ ಇದೆ, ಅವರು ನನ್ನ ಹತ್ತಿರ ಬಂದಾಗ ಹೇಳ್ತೀನಿ.) ಕೈಗೆ ಪೂರ್ತಿ ರೊಕ್ಕ ಬರೋದು ಸಿಹಿ ಸುದ್ದಿ ಅಂತ ಟಿವಿಯವರು ಹೇಳಿದರು. ನಮ್ಮ ಓಣಿಯಲ್ಲಿ ಇದರ ಅರ್ಥ ಏನು ಗೊತ್ತಾ? ಪಿಂಚಣಿ ಸೊನ್ನೆ. ರೊಕ್ಕ ಬಂದ ವಾರದಲ್ಲಿ ಬಡ್ಡಿಯವನು ಬಾಗಿಲಿಗೆ ಬರ್ತಾನೆ, ಸ್ವಸಹಾಯ ಸಂಘದ ಸಾಲ, ಮಗಳ ಮದುವೆಯ ಉಳಿದ ಬಾಕಿ, ಸೋರುವ ಸೂರು. ಅವಳು ದುಂದು ಮಾಡ್ತಾಳೆ ಅಂತ ಯಾರೂ ಬುದ್ಧಿ ಹೇಳೋಕೆ ಬರಬ್ಯಾಡ್ರಿ. ಇಪ್ಪತ್ತೆರಡು ವರ್ಷ ಕಡಿಮೆ ಕೂಲಿಗೆ ದುಡಿದ ಸಂಸಾರದ ಸಾಲ ಅದು, ಹುಟ್ಟಿಸಿದವರು ಬೇರೆ, ತೀರಿಸೋಳು ಅವಳು.

ಅಂದಹಾಗೆ ಅದೇ ಡಿಸೆಂಬರ್ ಬದಲಾವಣೆಯಲ್ಲಿ ಖಾಸಗಿಯವರಿಗೆ 12 ಲಕ್ಷ ದಾಟಿದ ಗಂಟಿನ ಶೇ. 80 ಕೈಗೆ, ಶೇ. 20 ಮಾತ್ರ ಆನ್ಯುಯಿಟಿಗೆ ಅಂತ ಮಾಡಿದರು. ಸರ್ಕಾರಿ ವಲಯಕ್ಕೆ 60–40 ಹಾಗೇ ಉಳಿಯಿತು. ನಮ್ಮ ಕೆಲವು ನೌಕರ ಮಿತ್ರರು "ನಮಗೂ 80 ಕೊಡಿ" ಅಂತ ಕೂಗ್ತಿದ್ದಾರೆ. ಅವರ ಗಂಟು ಕೋಟಿಯ ಹತ್ತಿರ ಹೋಗುತ್ತದೆ, ಅವರಿಗೆ ಅದು ಲಾಭ ಇರಬಹುದು. ಹನ್ನೆರಡೂವರೆ ಲಕ್ಷದವಳಿಗೆ ಪಾಲು ಹೇಗೆ ಕೊಯ್ದರೂ ರೊಟ್ಟಿ ಅಷ್ಟೇ. 80 ಕೈಗೆ ಕೊಟ್ಟರೆ ತಿಂಗಳ ಕಂತು 1,350ಕ್ಕೆ ಇಳಿಯುತ್ತದೆ. ಪಾಲಿನ ಜಗಳ ಆಮೇಲೆ ಮಾಡೋಣ, ಮೊದಲು ರೊಟ್ಟಿಯ ಅಳತೆಯ ಜಗಳ ಮಾಡಬೇಕು.

ಅಳತೆಯ ಲೆಕ್ಕವನ್ನೂ ಕೊಡ್ತೀನಿ, ಬರೀ ಬಾಯಿಮಾತು ಬೇಡ. ಎನ್‌ಪಿಎಸ್ ಶುರುವಾದ 2006ರಿಂದಲೇ ಅಕ್ಕನ ಹೆಸರಲ್ಲಿ ಖಾತೆ ತೆರೆದು, ಇಬ್ಬರ ಪಾಲೂ ಸೇರಿ ತಿಂಗಳಿಗೆ ಸರಾಸರಿ 2,000 ರೂಪಾಯಿ ಬಿದ್ದಿದ್ದರೆ, ಹನ್ನೆರಡು ವರ್ಷಕ್ಕೆ ಅಸಲು 2,88,000. ಶೇ. 8ರಲ್ಲಿ 2018ರ ಹೊತ್ತಿಗೆ ಅದು ನಾಲ್ಕು ಮುಕ್ಕಾಲು ಲಕ್ಷ ದಾಟುತ್ತಿತ್ತು. ಅಲ್ಲಿಂದ ಕೈ ಹಚ್ಚದೆ ಬಿಟ್ಟರೂ 2029ಕ್ಕೆ ಸುಮಾರು 11 ಲಕ್ಷ. ಅಂದರೆ ಈಗಿನ ಹನ್ನೆರಡೂವರೆ ಲಕ್ಷದ ಪಕ್ಕದಲ್ಲಿ ಇನ್ನೊಂದು ಅಷ್ಟೇ ದೊಡ್ಡ ಗಂಟು ಇರಬೇಕಿತ್ತು. ಅದು ಇಲ್ಲ. ಒಬ್ಬ ಅಕ್ಕನ ಹೆಸರಲ್ಲಿ 11 ಲಕ್ಷ ಬಾಕಿ, ನಾಲ್ಕು ತಾಲೂಕಿನಲ್ಲಿ ಎಷ್ಟು ಅಕ್ಕಂದಿರು, ನೀವೇ ಗುಣಿಸಿಕೊಳ್ರಿ.

ಇಷ್ಟೂ ಕೂಡಿಸಿ ಇಪ್ಪತ್ಮೂರೂವರೆ ಲಕ್ಷ ಆದರೂ, ಅದರ ಶೇ. 40ಕ್ಕೆ ತಿಂಗಳಿಗೆ ಬರೋದು ಐದು ಸಾವಿರದ ಆಸುಪಾಸು. ಇದನ್ನು ಮುಚ್ಚಿಡೋದಿಲ್ಲ. ಅದಕ್ಕೇ ನನ್ನ ಬೇಡಿಕೆಯಲ್ಲಿ ಬರೀ ಹಿಂಬಾಕಿ ವಂತಿಗೆ ಇಲ್ಲ. ಮೊದಲನೆಯದು, 2006ಕ್ಕಿಂತ ಮೊದಲು ಬೀದಿಗೆ ಇಳಿದವರಿಗೆ ಜನವರಿ 2024ರ ಆದೇಶದ ನ್ಯಾಯವನ್ನೇ ವಿಸ್ತರಿಸಿ ಹಳೇ ಪಿಂಚಣಿ ಕೊಡಬೇಕು, ಗುತ್ತಿಗೆ ಮತ್ತು ನೇರ ಪಾವತಿಯ ವರ್ಷಗಳನ್ನು ಅರ್ಹ ಸೇವೆಯಲ್ಲಿ ಎಣಿಸಬೇಕು. ಅದರ ನಂತರ ಬಂದವರಿಗೆ ಆ ವರ್ಷಗಳ ವಂತಿಗೆಯನ್ನು ಬೆಳವಣಿಗೆ ಸಮೇತ ಪ್ರಾನ್ ಖಾತೆಗೆ ತುಂಬಬೇಕು, ಮತ್ತು ಕಂತು ಎಷ್ಟೇ ಬಂದರೂ ಒಂದು ಕನಿಷ್ಠಕ್ಕೆ ಕಡಿಮೆ ಬಿದ್ದದ್ದನ್ನು ಸರ್ಕಾರ ಭರಿಸಬೇಕು. ದುಡ್ಡಿಲ್ಲ ಅನ್ನೋರು ಒಮ್ಮೆ ಊರು ಮೂರು ದಿನ ಗುಡಿಸದೆ ಬಿಟ್ಟು ನೋಡಲಿ, ಆ ವರ್ಷಗಳ ಬೆಲೆ ಎಷ್ಟು ಅಂತ ಮೂಗಿಗೇ ಗೊತ್ತಾಗ್ತದ.

"ಎನ್‌ಪಿಎಸ್ ರದ್ದು ಮಾಡಿ" ಅಂತ ಫ್ರೀಡಂ ಪಾರ್ಕಿನಲ್ಲಿ ಕೂರುವ ನೌಕರ ಸಂಗಾತಿಗಳಿಗೆ ಒಂದು ಮಾತು. ನಾನೂ ನಿಮ್ಮ ಜೊತೆ ಕೂತವನೇ. ನಾಳೆ ನೀವು ಗೆದ್ದು ಹಳೇ ಪಿಂಚಣಿ ಬಂತು ಅಂತಿಟ್ಟುಕೊಳ್ಳಿ. ಅದರಲ್ಲೂ ಪಿಂಚಣಿ ಸೇವೆಯ ವರ್ಷದ ಮೇಲೆ, ಹತ್ತು ವರ್ಷ ತುಂಬದವರಿಗೆ ತಿಂಗಳ ಪಿಂಚಣಿಯೇ ಇಲ್ಲ. 54ಕ್ಕೆ ಕಾಯಂ ಆದವಳು ಆಗಲೂ ಹೊರಗೇ. ಗುತ್ತಿಗೆ ವರ್ಷ ಎಣಿಸಿ ಅನ್ನುವ ಸಾಲು ನಿಮ್ಮ ಬೇಡಿಕೆ ಪಟ್ಟಿಯಲ್ಲಿ ನನಗೆ ಕಾಣಲಿಲ್ಲ. ಕಸ ತುಂಬಿದ ಕೈ ನಿಮ್ಮ ಬ್ಯಾನರ್ ಹಿಡಿಯೋಕೆ ಬೇಕು, ಬೇಡಿಕೆ ಬರೆಯುವಾಗ ಬೇಡ.

ಹೋರಾಟ ಆಗೋತನಕ ಇರೋದನ್ನಾದರೂ ಕಳ್ಕೊಬಾರದು. ಅದಕ್ಕೆ ಎರಡು ವಿಷಯ, ನಮ್ಮ ಹುಡುಗರು ಓಣಿ ಓಣಿಯಲ್ಲಿ ನೋಡಬೇಕಾದದ್ದು.

ಒಂದು, ಮುರಿದ ರೊಕ್ಕ ಖಾತೆಗೆ ಬಿದ್ದಿದೆಯೇ ಅನ್ನೋದು. ಪಗಾರ ಚೀಟಿಯಲ್ಲಿ ಕಡಿತ ತೋರಿಸಿದ ಮಾತ್ರಕ್ಕೆ ಪ್ರಾನ್‌ಗೆ ಹೋಯಿತು ಅಂತ ಅಲ್ಲ. ಒಂದು ಊರಿನ ಸ್ಥಳೀಯ ಸಂಸ್ಥೆಯಲ್ಲಿ, ಹೆಸರು ಹೇಳೋದಿಲ್ಲ, ಹದಿನಾಲ್ಕು ತಿಂಗಳು ಕಡಿತ ಆಗಿತ್ತು, ಖಾತೆಯಲ್ಲಿ ಒಂದು ಸಾಲೂ ಇರಲಿಲ್ಲ. ಪ್ರಾನ್ ನಂಬರ್ ಬರೋದು ತಡ ಆಯ್ತು ಅಂತ ಒಮ್ಮೆ, ಅನುದಾನ ಇಲ್ಲ ಅಂತ ಇನ್ನೊಮ್ಮೆ ಹೇಳಿದರು. ಕೊನೆಗೆ ಒಟ್ಟಿಗೆ ಹಾಕಿದರು, ಆದರೆ ಹಾಕಿದ ದಿನದ ಬೆಲೆಗೆ ಯೂನಿಟ್ ಬಂತು. ಹದಿನಾಲ್ಕು ತಿಂಗಳ ಬೆಳವಣಿಗೆ ಗಾಳಿಗೆ. ಇದನ್ನು ಹಿಡಿಯೋದು ಕಷ್ಟ ಅಲ್ಲ. ಖಾತೆಯ ವ್ಯವಹಾರ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ. ವರ್ಷಕ್ಕೆ ಹನ್ನೆರಡು ತಿಂಗಳ ಹೆಸರು ಇರಬೇಕು, ಪ್ರತಿ ತಿಂಗಳಿನ ಎದುರು ಎರಡು ಮೊತ್ತ ಇರಬೇಕು, ಒಂದು ನೌಕರರದ್ದು, ಒಂದು ಮಾಲೀಕರದ್ದು. ಮಾಲೀಕರ ಮೊತ್ತ ದೊಡ್ಡದಿರಬೇಕು, ಯಾಕಂದ್ರ 10ಕ್ಕೆ 14. ಬೆರಳಿಟ್ಟು ಎಣಿಸಿದರೆ ಸಾಕು. ತಿಂಗಳು ತಪ್ಪಿದ್ದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ರಿ. ಬಾಯಲ್ಲಿ ಕೇಳಿದ್ದು ಕಚೇರಿಯಲ್ಲಿ ಯಾರ ಕಿವಿಗೂ ಬಿದ್ದಿರೋದಿಲ್ಲ, ನನ್ನ ಟೇಬಲ್ಲಿನ ಅನುಭವದಿಂದಲೇ ಹೇಳ್ತಿದ್ದೇನೆ.

ಎರಡು, ಹೆಸರು ಮತ್ತು ಹುಟ್ಟಿದ ದಿನ. ಅಕ್ಕನ ಹೆಸರು ಆಧಾರ್‌ನಲ್ಲಿ ಒಂದು ಥರ, ಸೇವಾ ಪುಸ್ತಕದಲ್ಲಿ ಇನ್ನೊಂದು ಥರ, ಪಾಸ್‌ಬುಕ್‌ನಲ್ಲಿ ಗಂಡನ ಹೆಸರು ಮುಂದೆ. ಒಂದರಲ್ಲಿ ಅವ್ವ, ಒಂದರಲ್ಲಿ ಬಾಯಿ. ಹುಟ್ಟಿದ ದಿನ ಒಂದು ಕಡೆ ಜೂನ್ 1. ಶಾಲೆ ಮಾಸ್ತರರು ನಮ್ಮ ಎಷ್ಟೋ ಮಂದಿಗೆ ಅದೇ ದಿನ ಹುಟ್ಟಿಸಿದ್ದಾರೆ ಬಿಡ್ರಿ. ಇನ್ನೊಂದು ಕಡೆ ಜನವರಿ 1. ದುಡಿಯುವಾಗ ಇದು ಯಾರಿಗೂ ಕಾಣೋದಿಲ್ಲ. ನಿವೃತ್ತಿಯ ಅರ್ಜಿ ಹಾಕಿದ ದಿನ ಕಂಪ್ಯೂಟರ್ ಹೊಂದಾಣಿಕೆ ಇಲ್ಲ ಅಂತ ನಿಲ್ಲಿಸುತ್ತದೆ. ಇಡಿಗಂಟೂ ನಿಲ್ಲುತ್ತದೆ, ಕಂತೂ ನಿಲ್ಲುತ್ತದೆ. ತಿದ್ದುಪಡಿ ಅರವತ್ತಕ್ಕೆ ಎರಡು ವರ್ಷ ಇರುವಾಗಲೇ ಮುಗಿಸಬೇಕು. ನಾಮನಿರ್ದೇಶನವನ್ನೂ ಅದೇ ಹೊತ್ತಿಗೆ ನೋಡ್ರಿ. ಅಕ್ಕನ ಖಾತೆಯಲ್ಲಿ ನಾಮಿನಿ ಕಾಲಂ ಖಾಲಿ ಇತ್ತು.

ಆನ್ಯುಯಿಟಿಯ ಬಗೆ ಆರಿಸುವಾಗಲೂ ಯಾರೋ ಏಜೆಂಟ್ ಟಿಕ್ ಹಾಕಿದ ಕಡೆ ಹೆಬ್ಬೆಟ್ಟು ಒತ್ತಬ್ಯಾಡ್ರಿ. ಅಸಲು ಮಕ್ಕಳಿಗೆ ವಾಪಸ್ ಬರುವ ಬಗೆಯಲ್ಲಿ ಕಂತು ಕಡಿಮೆ. ಅಸಲು ವಾಪಸ್ ಬೇಡ, ಬದುಕಿರುವ ತನಕ ನನಗೆ ಕೊಟ್ಟರೆ ಸಾಕು ಅಂದರೆ ಅದೇ ಐದು ಲಕ್ಷಕ್ಕೆ ತಿಂಗಳಿಗೆ ಐದಾರು ನೂರು ಹೆಚ್ಚು ಸಿಗಬಹುದು, ಆದರೆ ಅವಳು ಮರುವರ್ಷವೇ ತೀರಿಕೊಂಡರೆ ಐದು ಲಕ್ಷ ಕಂಪನಿಯದ್ದು. ಮೂವತ್ಮೂರು ವರ್ಷ ಹೊಲಸಿನ ಗಾಳಿ ಕುಡಿದ ಶ್ವಾಸಕೋಶಕ್ಕೆ ಎಷ್ಟು ಆಯುಷ್ಯ ಅಂತ ಯಾರು ಬರೆದುಕೊಟ್ಟಾರು? ಅಕ್ಕನಿಗೆ ನಾನು ಹೇಳಿದ್ದು ಗಂಡನಿಗೂ ಬರುವ, ಅಸಲು ವಾಪಸ್ ಆಗುವ ಬಗೆಯನ್ನೇ. ಒಮ್ಮೆ ಆರಿಸಿದ್ದನ್ನು ಆಮೇಲೆ ಮನಸ್ಸಿಗೆ ಬಂದಂತೆ ಬದಲಿಸೋಕೆ ಬರೋದಿಲ್ಲ. ಸೇವೆಯಲ್ಲಿರುವಾಗ ತೀರಿಕೊಂಡವರ ಲೆಕ್ಕ ಪೂರ್ತಿ ಬೇರೆ, ಅದಕ್ಕೆ ಇನ್ನೊಂದು ಪೋಸ್ಟ್ ಬರೀತೀನಿ.

ಮನವಿಯ ಕರಡು ತಯಾರಾಗಿದೆ. ಅದಕ್ಕೆ ಹೆಸರುಗಳಿಗಿಂತ ಹೆಚ್ಚಾಗಿ ವರ್ಷಗಳು ಬೇಕು. ಯಾರು ಯಾವ ಇಸವಿಯಿಂದ ಬೀದಿಗೆ ಇಳಿದರು, ಯಾವ ಇಸವಿಯಲ್ಲಿ ಆದೇಶ ಬಂತು, ಅರವತ್ತು ಯಾವಾಗ ತುಂಬುತ್ತದೆ, ಈ ಮೂರು. ಹಳೇ ಹಾಜರಿ ಪುಸ್ತಕದ ಝೆರಾಕ್ಸ್, ಗುತ್ತಿಗೆದಾರ ಕೊಟ್ಟ ಗುರುತಿನ ಚೀಟಿ, ಹಳೇ ಮುಷ್ಕರದ ಪತ್ರಿಕಾ ಫೋಟೋ, ಏನಿದ್ದರೂ ನಡೀತದ. ಬರುವ ಭಾನುವಾರ ಮುಂಜಾನೆ ಹತ್ತಕ್ಕೆ ಸಿಂದಗಿಯಲ್ಲಿ ಕೂರ್ತೀವಿ, ಅದರ ಮುಂದಿನ ಭಾನುವಾರ ಮುದ್ದೇಬಿಹಾಳ. ಪಗಾರ ಚೀಟಿ, ಆಧಾರ್, ಪಾಸ್‌ಬುಕ್ ಮೂರೂ ತರ್ರಿ. ಓದೋಕೆ ಬರುವ ಹುಡುಗ ಹುಡುಗಿಯರು ನಾಲ್ಕು ಮಂದಿ ಹೆಚ್ಚಿಗೆ ಬಂದರೆ ಒಳ್ಳೇದು, ಹೋದ ಸಲ ನಾನೊಬ್ಬನೇ ಇದ್ದೆ, ಕತ್ತಲಾಗುವ ತನಕ ಅರ್ಧ ಓಣಿಯ ಚೀಟಿ ಹಾಗೇ ಉಳಿದವು.

ಜೈಭೀಮ್.